ಮುಟ್ಟದ ಸ್ಪೇರ್ ಎಲ್ಲಾ ಗುಜರಿ ಅಲ್ಲ: ಸ್ಪಷ್ಟನೆ

"ಎರಡು ವರ್ಷ ಮುಟ್ಟದ ಸ್ಪೇರ್ ಡೆಡ್ ಸ್ಟಾಕ್. ಗುಜರಿಗೆ ಹಾಕಿ."

ಬೆಲ್ಟ್, ಸಾಮಾನ್ಯ ಬೇರಿಂಗ್‌ಗೆ ಇದು ಸರಿ. ಕುಶಾಲನಗರದ ಕಾಫಿ ಕ್ಯೂರಿಂಗ್ ಘಟಕದಲ್ಲಿ ಕಾಫಿಯ ಸಿಪ್ಪೆ ತೆಗೆಯುವ ಯಂತ್ರವಾದ ಹಲ್ಲರ್‌ನ ಶಾಫ್ಟ್‌ಗೆ ಖಂಡಿತ ಅಲ್ಲ. ಅದು ಮುರಿಯುವುದು ಅಪರೂಪ, ಮುರಿದರೆ ಇಡೀ ಲೈನ್ ನಿಲ್ಲುತ್ತದೆ. ಇನ್ಶೂರೆನ್ಸ್ ಸ್ಪೇರ್ ಅನ್ನೋದು ಇದಕ್ಕೇ.

ಶಾಫ್ಟ್‌ಗೆ 90 ಸಾವಿರ, ಮಾಡಿಸಿ ತರಲು 42 ದಿನ, ದಿನದ ನಷ್ಟ 20 ಸಾವಿರ ಅಂದುಕೊಳ್ಳಿ. ಒಮ್ಮೆ ಮುರಿದರೆ 8.4 ಲಕ್ಷ ಹೋಯ್ತು. ಹತ್ತು ವರ್ಷಕ್ಕೊಮ್ಮೆ ಮುರಿದರೂ ವರ್ಷಕ್ಕೆ 84 ಸಾವಿರದ ಅಪಾಯ. ಇಟ್ಟುಕೊಳ್ಳುವ ಖರ್ಚು, ಬೆಲೆಯ ಶೇ. 20ರಂತೆ, ವರ್ಷಕ್ಕೆ 18 ಸಾವಿರ ಅಷ್ಟೇ. ಪಕ್ಕದಲ್ಲೇ ಇನ್ನೊಂದು ಹಲ್ಲರ್ ಖಾಲಿ ಇದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ.

ಸ್ಪೇರ್ ಶಾಫ್ಟನ್ನು ಸುಮ್ನೆ ಮೂಲೆಗೆ ಒರಗಿಸಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಬೇರಿಂಗ್ ಕೂರುವ ಜಾಗ ತುಕ್ಕು ಹಿಡಿಯುತ್ತದೆ. ತುಕ್ಕುನಿರೋಧಕ ಎಣ್ಣೆ ಹಚ್ಚಿ, ಸುತ್ತಿ, ನೇರವಾಗಿ ತೂಗುಹಾಕಿ. ಮಳೆಗೆ ಮುಂಚೆ, ಆಮೇಲೆ ಬಿಚ್ಚಿ ನೋಡಿ.