ಮತ್ತೆ ಅದನ್ನೇ ಅಂದ್ಲು ಕಣೇ

ನಿನ್ನೆ ರಾತ್ರಿ ಹತ್ತೂಕಾಲಿಗೆ ನನ್ನ ಮೇಲೆ ಸುಳ್ಳು ಹೇಳುವವಳು ಅನ್ನುವ ಆರೋಪ ಬಂತು. ಹೊರಿಸಿದವರು ನಮ್ಮತ್ತೆ. ಕಾರಣ ಕೊರಿಯಾದ ಒಂದು ಸೀರಿಯಲ್.

ಅಡುಗೆ ಕಟ್ಟೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ, ಟಿವಿ ಮುಂದೆ ಕೂರುವ ಒಂದು ಗಂಟೆ ನನ್ನದು. ನನ್ನದಾಗಿತ್ತು. ಅತ್ತೆ ಹಾಸನದಿಂದ ಬಂದ ಮೇಲೆ ಅದು ಅನುವಾದದ ಡ್ಯೂಟಿಯಾಗಿದೆ. ಅವರಿಗೆ ಕೊರಿಯನ್ ಬರುವುದಿಲ್ಲ, ಇಂಗ್ಲಿಷ್ ಸಬ್‌ಟೈಟಲ್ ಓದುವುದಕ್ಕೂ ಆಗುವುದಿಲ್ಲ. ಹಾಗಂತ ಎದ್ದು ಹೋಗುವವರೂ ಅಲ್ಲ. ಟಿವಿಯಲ್ಲಿ ಯಾರಾದರೂ ಬಾಯಿ ಮುಚ್ಚಿದ ಕೂಡಲೇ "ಏನಂದ?" ಅನ್ನುತ್ತಾರೆ. ಸಬ್‌ಟೈಟಲ್ ಇರುವುದು ಎರಡು ಸೆಕೆಂಡ್. ಓದಿ, ಕನ್ನಡ ಮಾಡಿ, ಹೇಳಿ ಮುಗಿಸುವಷ್ಟರಲ್ಲಿ ಇನ್ಯಾರೋ ಅಳುತ್ತಿರುತ್ತಾರೆ. "ಅವಳ್ಯಾಕೆ ಅಳ್ತಾಳೆ?" ನನಗೇನು ಗೊತ್ತು, ನಾನು ನಿಮಗೆ ಹೇಳ್ತಾ ಇದ್ದೆನಲ್ಲ!

ಅದೂ ಹೋಗಲಿ ಅಂದರೆ ಅತ್ತೆಯ ಕಿವಿ ಬಹಳ ಚುರುಕು. ನಾಲ್ಕು ದಿನದಲ್ಲೇ ಒಂದು ಪದ ಹಿಡಿದುಬಿಟ್ಟರು. ನುಂಚಿ.

"ನಿನ್ನೆ ನುಂಚಿ ಅಂದಾಗ ಬುದ್ಧಿ ಅಂದೆ. ಆಮೇಲೆ ಸೂಚನೆ ಅಂದೆ. ಈಗ ಹೆದರಿಕೆ ಅಂತೀಯ. ಮತ್ತೆ ಅದನ್ನೇ ಅಂದ್ಲು ಕಣೇ, ನಾನು ಕೇಳಿಸ್ಕೊಂಡೆ. ಬಾಯಿಗೆ ಬಂದಿದ್ದು ಹೇಳ್ತಿದೀಯಾ?"

ನಾನಲ್ಲ ಅತ್ತೆ, ಸಬ್‌ಟೈಟಲ್ ಬರೆದ ಪುಣ್ಯಾತ್ಮ ಹಾಗೆ ಹೇಳುತ್ತಾನೆ. ಒಂದು ಕಡೆ 'ಟೇಕ್ ಎ ಹಿಂಟ್', ಇನ್ನೊಂದು ಕಡೆ 'ಟ್ಯಾಕ್ಟ್‌ಲೆಸ್', ಮತ್ತೊಂದು ಕಡೆ 'ವಾಕಿಂಗ್ ಆನ್ ಎಗ್‌ಶೆಲ್ಸ್'. ಆ ಕಡೆಯದನ್ನು ಅತ್ತೆಗೆ ಮೊಟ್ಟೆ ಸಿಪ್ಪೆ ಮೇಲೆ ನಡೆಯೋದು ಅಂತ ಹೇಳಿ ಬೈಸಿಕೊಂಡಿದ್ದೂ ಆಯಿತು.

ನಿನ್ನೆಯ ಪ್ರಸಂಗ ಹೀಗೆ. ಆಫೀಸಿನವರೆಲ್ಲ ಊಟಕ್ಕೆ ಹೋಗಿದ್ದಾರೆ. ಬಾಸ್ ಉದಾರವಾಗಿ "ಯಾರಿಗೆ ಏನು ಬೇಕೋ ತಗೊಳ್ಳಿ" ಅನ್ನುತ್ತಾನೆ. ಹಿಂದೆಯೇ "ನನಗೆ ಜಜಂಗ್‌ಮ್ಯೊನ್" ಅನ್ನುತ್ತಾನೆ. ಕಪ್ಪು ಸಾಸಿನ ನೂಡಲ್ಸ್ ಅದು, ಅಗ್ಗದ್ದು. ತಕ್ಷಣ ಮೇಜಿನ ಸುತ್ತ ಎಲ್ಲರೂ "ನನಗೂ ಜಜಂಗ್‌ಮ್ಯೊನ್", "ನನಗೂ". ಹೊಸದಾಗಿ ಸೇರಿದ ಹುಡುಗ ಮಾತ್ರ ಮೆನು ತಿರುವಿ, ಸೀಗಡಿ ಚಿಪ್ಪು ಎಲ್ಲ ಹಾಕಿದ ಖಾರದ ನೂಡಲ್ಸ್ ಕೇಳುತ್ತಾನೆ. ಮೇಲೆ ಒಂದು ಪ್ಲೇಟ್ ಕರಿದ ಹಂದಿ ಮಾಂಸ. ಮೌನ. ಪಕ್ಕದ ಹುಡುಗಿ ಕಣ್ಣು ದೊಡ್ಡದು ಮಾಡುತ್ತಾಳೆ. ಒಬ್ಬ ಕೆಮ್ಮುತ್ತಾನೆ. ಅಷ್ಟೇ. ಯಾರೂ ಯಾರಿಗೂ ಏನೂ ವಿವರಿಸುವುದಿಲ್ಲ. ಸಿಯೋಲ್‌ನಲ್ಲಿ ಕೂತು ನೋಡುವವರು ಈ ಹೊತ್ತಿಗೆ ಬಿದ್ದು ಬಿದ್ದು ನಗುತ್ತಿರುತ್ತಾರೆ.

"ಏನಾಯ್ತು?" ಅಂದರು ಅತ್ತೆ.

ರಿಮೋಟ್ ಒತ್ತಿ ನಿಲ್ಲಿಸಿದೆ. ಬಾಸ್ ಹೇಳಿದ ತಿಂಡಿಗಿಂತ ದುಬಾರಿಯದನ್ನು ಕೇಳಬಾರದು ಅತ್ತೆ, ದುಡ್ಡು ಕೊಡೋನು ಅವನೇ.

"ಬೇಕಾದ್ದು ತಗೊಳ್ಳಿ ಅಂತ ಅವನೇ ಅಂದ್ನಲ್ಲ?"

ಅಂದ. ಆದರೆ ಹಾಗಂತ ಅರ್ಥ ಅಲ್ಲ. ಇವನೊಬ್ಬನದು ಬೇರೆ ಆದರೆ ಅಡುಗೆ ತಡ ಆಗುತ್ತೆ, ಎಲ್ಲರೂ ಕಾಯಬೇಕು. ಬಾಸ್ ಚಮಚ ಎತ್ತದೆ ಉಳಿದವರು ಎತ್ತುವ ಹಾಗಿಲ್ಲ, ಬಾಸಿಗೋ ಹಸಿವು.

"ಅದನ್ನ ಹೇಳಬಹುದಿತ್ತಲ್ಲ ಬಾಯಿಬಿಟ್ಟು?"

ಹೇಳಿಬಿಟ್ಟರೆ ಅದಕ್ಕೆ ನುಂಚಿ ಯಾಕೆ ಬೇಕು! ನುನ್ ಅಂದರೆ ಅವರಲ್ಲಿ ಕಣ್ಣು. ಎದುರಿನವರ ಮುಖ, ದನಿ, ಯಾರು ಎಲ್ಲಿ ಕೂತಿದ್ದಾರೆ ಅನ್ನುವುದನ್ನೆಲ್ಲ ಕಣ್ಣಲ್ಲೇ ಅಳೆದು, ಹೇಳದೇ ಇರುವುದನ್ನು ತಿಳಿದುಕೊಳ್ಳಬೇಕು. ಅಷ್ಟೇ ಸಾಲದು, ಬೇಗ ತಿಳಿಯಬೇಕು. ನುಂಚಿಯಲ್ಲಿ ಒಳ್ಳೆಯದು ಕೆಟ್ಟದ್ದು ಅಂತ ಹೇಳುವುದು ಕಮ್ಮಿ, ಅದು ವೇಗವಾಗಿದೆಯೋ, ಇಲ್ಲವೇ ಇಲ್ಲವೋ ಅಷ್ಟೇ. ಅದು ಚುರುಕಾಗಿದ್ದವನಿಗೆ ದೇವಸ್ಥಾನಕ್ಕೆ ಹೋದರೂ ಉಪ್ಪು ಹಾಕಿದ ಸೀಗಡಿ ಸಿಗುತ್ತದೆ ಅಂತ ಅವರಲ್ಲೊಂದು ಗಾದೆ. ಮಾಂಸ ಮುಟ್ಟದ ಬೌದ್ಧ ಮಠದಲ್ಲಿ!

ಸಬ್‌ಟೈಟಲ್ ಎಡವುವುದು ಇದರ ಪಕ್ಕದಲ್ಲಿ ಬರುವ ಕ್ರಿಯಾಪದದಲ್ಲಿ. ನುಂಚಿ ಇಲ್ಲ ಅಂದರೆ ಬೈಗುಳ. ನುಂಚಿ ಕೊಡುವುದು ಅಂದರೆ ಬಾಯಲ್ಲಿ ಹೇಳದೆ ಕಣ್ಣಲ್ಲೇ ಚುಚ್ಚುವುದು, ದೊಡ್ಡವರ ಕೆಲಸ. ನುಂಚಿ ನೋಡುವುದು ಅಂದರೆ ಚಿಕ್ಕವರು ಮುದುರಿಕೊಂಡು ದೊಡ್ಡವರ ಮುಖವನ್ನೇ ಗಮನಿಸುತ್ತಾ ಕೂರುವುದು. ಪದ ಒಂದೇ, ಕೊಡುವವರು ನೋಡುವವರು ಬೇರೆ. ನಾನು ಬುದ್ಧಿ, ಸೂಚನೆ, ಹೆದರಿಕೆ ಅಂತ ಮೂರು ಹೇಳಿದ್ದು ಸುಮ್ನೆ ಅಲ್ಲ.

ಇದನ್ನೆಲ್ಲ ಹೇಳಿ ಮುಗಿಸಿ ನೀರು ಕುಡಿದೆ. ಅತ್ತೆ ಯೋಚಿಸಿ, "ಹಾಗಾದ್ರೆ ಹುಡುಗಂದೇ ತಪ್ಪು" ಅಂದರು.

ಇನ್ನೊಂದು ಪದದ ಕಥೆ ಬೇರೆ. ಜಂಗ್. ಸಬ್‌ಟೈಟಲ್‌ನಲ್ಲಿ ಅದು ಒಮ್ಮೆ 'ಅಫೆಕ್ಷನ್' ಆದರೆ ಸಾಮಾನ್ಯವಾಗಿ ಮಾಯವೇ ಆಗಿರುತ್ತದೆ. ನಾನು ಪ್ರೀತಿ ಅಂದೆ. "ಪ್ರೀತಿ ಎಲ್ಲಿದೆ, ಹೊಡೆದಾಡ್ತಿದಾರೆ" ಅಂದರು. ಅಲ್ಲದೆ ಅತ್ತೆಗೆ ಎಲ್ಲ ಕಡೆ ಜಂಗ್ ಕೇಳಿಸುತ್ತದೆ. ಜಂಗ್‌ಮಲ್ ಅಂದರೆ 'ನಿಜವಾಗ್ಲೂ' ಅಂತ, ಅದೇ ಬೇರೆ ಪದ ಅಂದರೆ ನಂಬುವುದಿಲ್ಲ.

ವಿಚಿತ್ರ ಅಂದರೆ 'ರಿಪ್ಲೈ 1988' ಅನ್ನುವ ಸೀರಿಯಲ್ ಹಾಕಿದ ದಿನ ಅತ್ತೆ ನನ್ನನ್ನು ಏನಂದ ಅಂತ ಒಂದು ಸಲವೂ ಕೇಳಲಿಲ್ಲ. ಮೊದಲ ಕಂತಿನಲ್ಲಿ ಸಂಜೆ ಊಟದ ಹೊತ್ತಿಗೆ ಅಮ್ಮಂದಿರು ಮಕ್ಕಳ ಕೈಯಲ್ಲಿ ಬಟ್ಟಲು ಕೊಟ್ಟು ಪಕ್ಕದ ಮನೆಗೆ ಓಡಿಸುತ್ತಾರೆ. ಆ ಮನೆಯವರು ಇನ್ನೇನೋ ಕೊಟ್ಟು ಕಳಿಸುತ್ತಾರೆ. ಓಣಿ ತುಂಬ ಬಟ್ಟಲುಗಳದೇ ಓಡಾಟ. ಅಲ್ಲಿ ಜಂಗ್ ಅನ್ನುವ ಪದ ಯಾರೂ ಆಡಬೇಕಾಗಿಲ್ಲ. ಅತ್ತೆ ಕೇಳಿದ್ದು ಒಂದೇ, "ಆ ಬಟ್ಟಲು ಯಾರ ಮನೇದು?"

"ಜಂಗ್ ಅಂದ್ರೆ ಕಬ್ಬಿಣಕ್ಕೆ ಹಿಡಿಯುತ್ತಲ್ಲ, ಅದಾ?" ಅಂದರು ನಿನ್ನೆ.

ನಗು ಬಂತು. ಆಮೇಲೆ ಅನ್ನಿಸಿತು, ಸಬ್‌ಟೈಟಲ್‌ಗಿಂತ ಇದೇ ವಾಸಿ. ಕೊರಿಯದವರು ಜಂಗ್ ಮಾಡಿದೆ ಅನ್ನುವುದಿಲ್ಲ, ಜಂಗ್ ಒಳಗೆ ಇಳಿಯಿತು ಅನ್ನುತ್ತಾರೆ. ಒಟ್ಟಿಗೆ ಇದ್ದು ಇದ್ದು ಅದು ಕೇಳದೆ ಹಿಡಿಯುತ್ತದೆ. ಇಷ್ಟಪಟ್ಟವರ ಮೇಲೆ ಹಿಡಿಯುವುದು ಒಂದು, ಅದಕ್ಕೆ ಕೊವೂನ್ ಜಂಗ್. ಕಂಡರೆ ಆಗದವರ ಜೊತೆ ಜಗಳವಾಡುತ್ತಲೇ ಹಿಡಿಯುವುದು ಇನ್ನೊಂದು, ಅದು ಮೀವೂನ್ ಜಂಗ್.

ಅದರ ಮಧ್ಯೆ ನುಂಚಿಯ ಒಂದು ಬಾಲವನ್ನೂ ಹೇಳಿದೆ. ನುಂಚಿಬಾಪ್. ಬಾಪ್ ಅಂದರೆ ಅನ್ನ. ಇನ್ನೊಬ್ಬರ ಮನೆಯಲ್ಲಿ ಇದ್ದುಕೊಂಡು, ಅವರ ಮುಖ ನೋಡಿ ನೋಡಿ ತಿನ್ನುವ ಅನ್ನ.

ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಅದನ್ನ ನಾನು ತಿಂದಿದೀನಿ" ಅಂದರು. ಹೈಸ್ಕೂಲಿಗೆ ಚಿಕ್ಕಪ್ಪನ ಮನೆಯಲ್ಲಿ ನಾಲ್ಕು ವರ್ಷ ಇದ್ದರಂತೆ. ಎರಡನೇ ಸಲ ಅನ್ನಕ್ಕೆ ತಟ್ಟೆ ಸರಿಸುವಷ್ಟರಲ್ಲಿ ಚಿಕ್ಕಮ್ಮ ತಪ್ಪಲೆ ಮುಚ್ಚಳ ಟಪ್ ಅಂತ ಮುಚ್ಚುತ್ತಿದ್ದರಂತೆ. ಬಾಯಲ್ಲಿ ಏನೂ ಅಲ್ಲ, ಬರೀ ಟಪ್. ಇವರು ಹೊಟ್ಟೆ ತುಂಬಿತು ಅಂತ ಎದ್ದು ಕೈ ತೊಳೆಯುವುದು.

ಅದೇ ಚಿಕ್ಕಮ್ಮ ಮುಪ್ಪಿನಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಅತ್ತೆ ಹೋಗಿ ಹದಿನೈದು ದಿನ ಇದ್ದು ಗಂಜಿ ಕುಡಿಸಿ ಬಂದಿದ್ದರು. ನನ್ನ ಮದುವೆಯಾದ ಹೊಸತು, ನನಗೆ ಚೆನ್ನಾಗಿ ನೆನಪಿದೆ. ಯಾಕೆ ಹೋದಿರಿ ಅಂತ ಈಗ ಕೇಳಿದೆ.

"ಏನೋಪ್ಪ" ಅಂದರು. "ಅವಳು ಬಿದ್ದಳು ಅಂದಾಗ ಮೊದಲು ಆ ಮುಚ್ಚಳದ ಸದ್ದೇ ನೆನಪಾಯ್ತು. ಕಣ್ಣಲ್ಲಿ ನೀರು ಬಂತು. ಜಂಗು ಹಿಡಿದಿತ್ತು ಅನ್ಸುತ್ತೆ."

ನಾನು ರಿಮೋಟ್ ಕೈಯಲ್ಲಿ ಹಿಡಿದೇ ಕೂತಿದ್ದೆ. ಟಿವಿಯಲ್ಲಿ ಆ ಹುಡುಗನೂ ಮೆನು ಕೈಯಲ್ಲಿ ಹಿಡಿದೇ ಕೂತಿದ್ದ.

"ಹಾಕೇ, ನಿದ್ದೆ ಬರುತ್ತೆ" ಅಂದರು. ಹಾಕಿದೆ. ಬಾಸ್ ಚಮಚ ಕೆಳಗಿಟ್ಟು ಏನೋ ಗೊಣಗಿದ.

"ಏನಂದ?"