ಐಸ್‌ಕ್ರೀಮ್‌ನವರ ಫ್ರೀಜರ್, ಹಾರ್ಡ್‌ವೇರ್‌ನವರ ಇನ್‌ಪುಟ್

ಏಪ್ರಿಲ್ 6ರಂದು ಉಡುಪಿಯ ಒಬ್ಬ ಐಸ್‌ಕ್ರೀಮ್ ತಯಾರಕರ ಶೆಡ್ಡಿಗೆ ಮಂಗಳೂರಿನಿಂದ ಡೀಪ್ ಫ್ರೀಜರ್ ಬಂತು. ಪಿಕಪ್‌ನಿಂದ ಇಳಿಸಿದರು, ಪ್ಲಗ್ ಹಾಕಿದರು, ಗುರ್ರ್ ಎಂದಿತು. ಬೆಲೆ ಒಂದು ಲಕ್ಷ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ: ಕೇಂದ್ರಕ್ಕೆ 9,000, ರಾಜ್ಯಕ್ಕೆ 9,000. ಒಟ್ಟು 1,18,000 ರೂಪಾಯಿ ಅದೇ ದಿನ ಬ್ಯಾಂಕಿನಲ್ಲಿ ಹೋಯಿತು. ಇಷ್ಟೆಲ್ಲ ಆದರೂ ಸರಕಾರದ ಕಂಪ್ಯೂಟರ್ ಪ್ರಕಾರ ಆ ಫ್ರೀಜರ್ ಖರೀದಿಸಿದ್ದು ಕುಂದಾಪುರದ ಒಂದು ಹಾರ್ಡ್‌ವೇರ್ ಅಂಗಡಿ. ಅಲ್ಲಿ ಮೊಳೆ, ಪಿವಿಸಿ ಪೈಪು, ತಂತಿಬೇಲಿ ಇವೆ. ಕರಗುವ ಸಾಮಾನು ಒಂದೂ ಇಲ್ಲ.

ಆದದ್ದಿಷ್ಟೆ. ಮಂಗಳೂರಿನ ಡೀಲರ ಬಿಲ್ಲಿಂಗ್ ಹುಡುಗ ಗಿರಾಕಿಯ ಹೆಸರಿಗೆ ‘ಶ್ರೀ ಕೃಷ್ಣ’ ಎಂದು ಟೈಪ್ ಮಾಡಿದ. ಉಡುಪಿ ಜಿಲ್ಲೆಯಲ್ಲಿ ಶ್ರೀ ಕೃಷ್ಣನ ಹೆಸರಿಲ್ಲದ ಅಂಗಡಿ ಹುಡುಕುವುದೇ ಕಷ್ಟ. ಕೆಳಗೆ ಉದ್ದಕ್ಕೆ ಇಳಿದ ಪಟ್ಟಿಯಲ್ಲಿ ಬೆರಳು ಒಂದು ಸಾಲು ಜಾರಿತು. ಜಿಎಸ್‌ಟಿ ನಂಬರಿಗೆ ಹದಿನೈದು ಅಕ್ಷರ: ಮೊದಲು ಕರ್ನಾಟಕದ 29, ಆಮೇಲೆ ಹತ್ತು ಅಕ್ಷರದ ಪ್ಯಾನ್, ಮತ್ತೊಂದು ಅಂಕೆ, ಒಂದು Z, ಕೊನೆಗೆ ತಾಳೆ ನೋಡುವ ಅಕ್ಷರ. ಈ ಕೊನೆಯ ಅಕ್ಷರ ಬಹಳ ಚುರುಕು. ನಡುವೆ 8 ಹಾಕುವಲ್ಲಿ 3 ಹಾಕಿದರೆ ಪೋರ್ಟಲ್ ತಕ್ಷಣ ಹಿಡಿಯುತ್ತದೆ. ಆದರೆ ಪೂರ್ತಿ ನಂಬರೇ ಇನ್ನೊಬ್ಬರದ್ದಾದರೆ ಅದಕ್ಕೆ ತಕರಾರಿಲ್ಲ. ಅಂದರೆ ಸಣ್ಣ ತಪ್ಪು ಮಾಡಲಿಕ್ಕೆ ಬಿಡುವುದಿಲ್ಲ, ದೊಡ್ಡದಕ್ಕೆ ಅಡ್ಡಿಯಿಲ್ಲ.

ಮೇ 11ರೊಳಗೆ ಡೀಲರು ಏಪ್ರಿಲ್‌ನ ಮಾರಾಟದ ಪಟ್ಟಿ GSTR-1 ಸಲ್ಲಿಸಿದರು. ಅದಕ್ಕೂ ಮೊದಲು ಯಾರಾದರೂ ಒಮ್ಮೆ ಕಣ್ಣಾಡಿಸಿದ್ದರೆ ನಂಬರು ಬದಲಿಸಿ ಕೈ ತೊಳೆದುಕೊಳ್ಳಬಹುದಿತ್ತು. ಕಣ್ಣಾಡಿಸುವುದು ನಮ್ಮ ಸಂಪ್ರದಾಯವಲ್ಲ. 14ಕ್ಕೆ ಖರೀದಿಯ ತೆರಿಗೆ ತೋರಿಸುವ GSTR-2B ಬಂತು. ಐಸ್‌ಕ್ರೀಮ್‌ನವರ ಪಟ್ಟಿಯಲ್ಲಿ ಫ್ರೀಜರ್ ಇಲ್ಲ. 2Bಯಲ್ಲಿ ಕಾಣದ ತೆರಿಗೆಯನ್ನು ಇನ್‌ಪುಟ್ ಎಂದು, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಲು, ತೆಗೆದುಕೊಳ್ಳುವಂತಿಲ್ಲ. ಕಣ್ಣೆದುರು ಇರುವ ಯಂತ್ರ ಕಾನೂನಿನ ಕಣ್ಣಿಗೆ ಇಲ್ಲ!

ಅವರ ಅಕೌಂಟೆಂಟ್ ಮಂಗಳೂರಿಗೆ ಫೋನ್ ಮಾಡಿದರು.

“ಎಂತ ಮಾರಾಯ್ರೆ, ನಮ್ಮ ಬಿಲ್ ಎಲ್ಲಿ ಉಂಟು?”

“ಹಾಕಿದ್ದೇವಲ್ಲ ಸರ್, ಟ್ಯಾಕ್ಸೂ ಕಟ್ಟುತ್ತೇವೆ.”

“ಕಟ್ಟುವುದು ಸರಿ. ಯಾರ ಲೆಕ್ಕಕ್ಕೆ?”

ಡೀಲರ ಕಡೆಯವರು ಧೈರ್ಯ ಕೊಟ್ಟರು: ಈಗ GSTR-1A ಎಂಬ ಫಾರ್ಮ್ ಉಂಟು, ಚಿಂತೆ ಬೇಡ. ನಿಜ, 2024ರಿಂದ ಅದು ಉಂಟು. GSTR-1 ಕೊಟ್ಟ ಮೇಲೆ, ಅದೇ ತಿಂಗಳ ತೆರಿಗೆ ಕಟ್ಟುವ 3B ರಿಟರ್ನ್ ಸಲ್ಲಿಸುವ ಮೊದಲು, ತಪ್ಪನ್ನು ಅದರಲ್ಲಿ ತಿದ್ದಬಹುದು. ಮೊತ್ತ ತಿದ್ದಬಹುದು, ತೆರಿಗೆ ದರ ತಿದ್ದಬಹುದು, ಬಿಟ್ಟುಹೋದ ಬಿಲ್ ಸೇರಿಸಬಹುದು. ಕೊಂಡವರ ಜಿಎಸ್‌ಟಿ ನಂಬರ್ ಮಾತ್ರ ಬದಲಿಸುವಂತಿಲ್ಲ. ಅದಕ್ಕೆ ಮುಂದಿನ ತಿಂಗಳ GSTR-1 ಬರುವವರೆಗೆ ಕಾಯಬೇಕು. ತಿದ್ದುಪಡಿಗೆಂದೇ ಹುಟ್ಟಿದ ಫಾರ್ಮ್ ಒಂದು, ಅದರಲ್ಲಿ ತಿದ್ದಲಾಗದ್ದು ಅತಿ ಮುಖ್ಯವಾದದ್ದು. ಉಡುಪಿಯಲ್ಲಿ ಎಂಟು ಮಠಗಳು ಎರಡು ವರ್ಷಕ್ಕೊಮ್ಮೆ ಕೃಷ್ಣನ ಪೂಜೆಯ ಅಧಿಕಾರವನ್ನೇ ಒಬ್ಬರಿಂದೊಬ್ಬರಿಗೆ ಒಂದು ಬೆಳಗಿನೊಳಗೆ ಹಸ್ತಾಂತರಿಸುತ್ತವೆ. ಒಂದು ಫ್ರೀಜರಿನ ಬಿಲ್ ಕುಂದಾಪುರದಿಂದ ಉಡುಪಿಗೆ ಬರಲು ತಿಂಗಳು ಬೇಕು.

ದೊಡ್ಡ ಡೀಲರಾಗಿದ್ದರೆ ಇನ್ನೂ ಮಜಾ. ವರ್ಷದ ವಹಿವಾಟು 5 ಕೋಟಿ ದಾಟಿದವರಿಗೆ ಇ-ಇನ್‌ವಾಯ್ಸ್ ಕಡ್ಡಾಯ. ಅದನ್ನು ತಿದ್ದುವ ಪ್ರಶ್ನೆಯೇ ಇಲ್ಲ, 24 ಗಂಟೆಯೊಳಗೆ ರದ್ದು ಮಾಡಬೇಕು, ಹೊಸದಕ್ಕೆ ಹೊಸ ನಂಬರ್ ಹಾಕಬೇಕು. ಶನಿವಾರ ಸಂಜೆ ಬಿಲ್ ಮಾಡಿ ಸೋಮವಾರ ಬೆಳಿಗ್ಗೆ ತಪ್ಪು ಕಂಡರೆ ಆ ಗಡುವು ಭಾನುವಾರವೇ ಮುಗಿದಿರುತ್ತದೆ. ನಮ್ಮ ಡೀಲರು ಸಣ್ಣವರು, ಈ ಭಾಗ್ಯ ಅವರಿಗಿರಲಿಲ್ಲ.

ಆಗ ಡೀಲರ ಅಂಗಡಿಯ ಹಿರಿಯ ಗುಮಾಸ್ತರು ಒಂದು ಉಪಾಯ ಹೇಳಿದರು. ಕುಂದಾಪುರದವರ ಹೆಸರಿಗೆ ಬಿಲ್ಲಿನ ಮೊತ್ತ ಇಳಿಸುವ ಕ್ರೆಡಿಟ್ ನೋಟ್ ಬರೆದು, ಉಡುಪಿಯವರಿಗೆ ಹೊಸ ಬಿಲ್ ಕೊಟ್ಟರಾಯಿತು. ಕೇಳಲಿಕ್ಕೆ ಸಲೀಸು. ಆದರೆ ಕ್ರೆಡಿಟ್ ನೋಟ್ ಯಾವಾಗ ಕೊಡಬೇಕೆಂದು ಕಾನೂನಿನ 34ನೇ ಸೆಕ್ಷನ್ ಹೇಳುತ್ತದೆ: ಬೆಲೆ ಅಥವಾ ತೆರಿಗೆ ಜಾಸ್ತಿ ಹಾಕಿದ್ದರೆ, ಸಾಮಾನು ವಾಪಸು ಬಂದಿದ್ದರೆ, ಸಾಮಾನಿನಲ್ಲಿ ಕೊರತೆಯಿದ್ದರೆ. ‘ಬೇರೆಯವರ ಹೆಸರಿಗೆ ಬರೆದಿದ್ದರೆ’ ಎಂಬುದು ಅಲ್ಲಿಲ್ಲ. ಹಾಗಾಗಿ ಹಾರ್ಡ್‌ವೇರ್‌ನವರು ಕಂಡೇ ಇರದ ಫ್ರೀಜರನ್ನು ‘ವಾಪಸು ಕೊಟ್ಟರು’ ಎಂದು ಬರೆಯಬೇಕಾಗುತ್ತದೆ. ಅದಕ್ಕೂ ಅವರು, ಬಂದ ಬಿಲ್ಲು ನೋಟುಗಳನ್ನು ಒಪ್ಪುವ ಇಲ್ಲವೆ ತಿರಸ್ಕರಿಸುವ ಐಎಂಎಸ್‌ ಪರದೆಯಲ್ಲಿ ಅಡ್ಡ ಬರಬಾರದು. ‘ಇದೆಂಥ ನೋಟೋ, ನಮಗೆ ಸಂಬಂಧ ಇಲ್ಲ’ ಎಂದು ತಿರಸ್ಕರಿಸಿದರೆ 18,000 ಮತ್ತೆ ಡೀಲರ ತಲೆಗೇ ಬರುತ್ತದೆ.

ಕ್ರೆಡಿಟ್ ನೋಟಿಗೆ ಸಲ್ಲುವ ಕೇಸು ಬೇರೆ. 2025ರ ಸೆಪ್ಟೆಂಬರ್ 22ರಿಂದ ಎ.ಸಿ.ಯ ತೆರಿಗೆ 28ರಿಂದ 18ಕ್ಕೆ ಇಳಿಯಿತು. ಅಂಗಡಿಯ ಕಂಪ್ಯೂಟರಿಗೆ ಆ ಸುದ್ದಿ ಮುಟ್ಟದೆ 40,000ದ ಎ.ಸಿ.ಗೆ ಹಳೇ ದರವೇ ಬಿದ್ದಿದ್ದರೆ, 4,000 ತೆರಿಗೆಗೆ ಕ್ರೆಡಿಟ್ ನೋಟ್ ಕೊಟ್ಟು ಹಣ ಮರಳಿಸಬೇಕು. ಕೊಂಡವರು ಇನ್‌ಪುಟ್ ತೆಗೆದಿದ್ದರೆ ಅಷ್ಟನ್ನು ಬಿಟ್ಟುಕೊಡಬೇಕು. ದರ ಕಡಿಮೆ ಹಾಕಿದ್ದರೆ ಡೆಬಿಟ್ ನೋಟ್. ‘ಸ್ವಲ್ಪ ಬಾಕಿ ಉಂಟು’ ಎಂದು ಗಿರಾಕಿಗೆ ಫೋನ್ ಮಾಡುವ ಕರ್ಮ ಅದರ ಜತೆಗೆ ಉಚಿತ.

ಕಡೆಗೆ ನಡೆದದ್ದು ಸರಿಯಾದ ದಾರಿಯೇ. ಮೇ ತಿಂಗಳ GSTR-1, ಅಂದರೆ ಜೂನ್ 11ರೊಳಗೆ ಸಲ್ಲಿಸುವುದು, ಅದರಲ್ಲಿ 9A ಎಂಬ ಕೋಷ್ಟಕ. ಅಲ್ಲಿ ಹಳೇ ಬಿಲ್ಲಿನ ನಂಬರು, ತಾರೀಕು ಕೊಟ್ಟು ಕರೆದರೆ ಬಿಲ್ ಎದ್ದು ಬರುತ್ತದೆ. ಉಡುಪಿಯವರ ಜಿಎಸ್‌ಟಿ ನಂಬರ್ ಕೂರಿಸಬೇಕು. ಒಂದು ಬಿಲ್ಲನ್ನು ಹೀಗೆ ತಿದ್ದಲು ಒಂದೇ ಅವಕಾಶ, ಹಾಗಾಗಿ ಈ ಸಲ ಬಿಲ್ಲಿಂಗ್ ಹುಡುಗನನ್ನು ಚಹಾ ತರಲು ಕಳಿಸಿ ಧಣಿಗಳೇ ಕೂತರು. ಸರಿಪಡಿಸಿದ ಬಿಲ್ಲಿನ ಪ್ರತಿ ಉಡುಪಿಗೆ ಹೋಯಿತು. ಕಂಡದ್ದು ಬೇಗ, ಅದೇ ಪುಣ್ಯ. ಆ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30 ದಾಟಿದರೆ, ಅಥವಾ ಅದಕ್ಕೂ ಮೊದಲೇ ವಾರ್ಷಿಕ ರಿಟರ್ನ್ ಕೊಟ್ಟುಬಿಟ್ಟರೆ, ಈ ಬಾಗಿಲೂ ಮುಚ್ಚುತ್ತದೆ.

ಜೂನ್ 14ರ 2Bಯಲ್ಲಿ ಐಸ್‌ಕ್ರೀಮ್‌ನವರಿಗೆ 18,000 ಕಾಣಿಸಿತು. ಸೆಕೆಗೆಂದು ಕೊಂಡ ಫ್ರೀಜರಿನ ಇನ್‌ಪುಟ್ ಮಳೆಗಾಲಕ್ಕೆ ಬಂತು. ಹೊರಗೆ ಜಡಿಮಳೆ, ಕೋನ್ ಕೇಳುವವರಿಲ್ಲ.

ಉಳಿದದ್ದು ಕುಂದಾಪುರ. ಹಾರ್ಡ್‌ವೇರ್‌ನವರು ಮೇ ತಿಂಗಳಲ್ಲೇ ಐಎಂಎಸ್ ತೆರೆದು ಆ ಬಿಲ್ಲನ್ನು ರಿಜೆಕ್ಟ್ ಮಾಡಿದ್ದರೆ ಏನೂ ಇರುತ್ತಿರಲಿಲ್ಲ. ಅವರು ತೆರೆಯಲಿಲ್ಲ. ತೆರೆಯದೆ ಸುಮ್ಮನಿದ್ದರೆ ಒಪ್ಪಿದಂತೆ ಎಂದು ನಿಯಮ. ಹಾಗಾಗಿ ಫ್ರೀಜರಿನ 18,000 ಅವರ 3Bಯೊಳಗೆ ತಾನಾಗಿಯೇ ಹೊಕ್ಕಿತು, ಸಿಮೆಂಟು ಮಾರಿದ ತೆರಿಗೆಗೆ ವಜಾ ಆಗಿಯೂ ಹೋಯಿತು. ಈಗ ಅದನ್ನು ಮರಳಿಸಬೇಕು. ಬಳಸಿಬಿಟ್ಟಿದ್ದರಿಂದ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿಯೂ ಸೇರಿತು.

“ನಾನು ಕೇಳಿದ್ದೆನಾ ಮಾರಾಯ್ರೆ ಇದನ್ನು?” ಎಂದು ಅವರು ಫೋನಿನಲ್ಲಿ ಕೂಗಾಡಿದರು. ಡೀಲರು ಕ್ಷಮೆ ಕೇಳಿದರು. ಬಡ್ಡಿ ಎಷ್ಟು ದಿನದ್ದೆಂದು ಲೆಕ್ಕ ಹಾಕಿಕೊಡಲು ಹಾರ್ಡ್‌ವೇರ್‌ನವರ ಅಕೌಂಟೆಂಟ್ ಫೀಸು ಕೇಳಿದ್ದಾರಂತೆ, ಅದು ಬಡ್ಡಿಗಿಂತ ಜಾಸ್ತಿ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ.