ಜೆರಾಕ್ಸ್ ಮಷೀನ್ ವಾಪಸ್ ಹೋಗುವ ಮುನ್ನಾದಿನ

ಲೀಸ್ ಮುಗಿದ ಜೆರಾಕ್ಸ್ ಮಷೀನನ್ನು ಒಯ್ಯಲು ಬಂದವರು ಟ್ರೇ ಒಡೆದಿದೆಯಾ, ಗ್ಲಾಸಿಗೆ ಗೀರು ಬಿದ್ದಿದೆಯಾ, ಪವರ್ ಕಾರ್ಡ್ ಇದೆಯಾ ಅಂತ ನೋಡ್ತಾರೆ. ಕೊಡುವವರು ಕೊನೆಯ ಮೀಟರ್ ರೀಡಿಂಗ್ ಬರೆಸಿ ಸಹಿ ಹಾಕ್ತಾರೆ. ಒಳಗಿರುವ ಹಾರ್ಡ್ ಡಿಸ್ಕಿನ ಮಾತು ಎರಡೂ ಕಡೆಯಿಂದ ಬರುವುದಿಲ್ಲ. ನಾವಾಗಿ ಕೇಳಿದರೆ ಸಿಗುವ ಉತ್ತರ ಇದು: "ಅದೆಲ್ಲಾ ಗೋಡೌನಲ್ಲಿ ಕ್ಲಿಯರ್ ಮಾಡ್ಕೋತೀವಿ, ನೀವು ತಲೆ ಕೆಡಿಸ್ಕೋಬೇಡಿ ಸಾರ್."

ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಹಾಗೆ ಹೇಳಿದವರು ಸುಳ್ಳು ಹೇಳ್ತಿದ್ದಾರೆ ಅಂತಲ್ಲ. ಮಷೀನ್ ಒಯ್ಯುವವರೊಬ್ಬರು, ಅದರ ಮಾಲೀಕತ್ವ ಇರುವ ಫೈನಾನ್ಸ್ ಕಂಪನಿ ಇನ್ನೊಂದು, ಗೋಡೌನಿಂದ ಸಗಟಾಗಿ ಕೊಳ್ಳುವವರು ಮತ್ತೊಬ್ಬರು. ಇವರಲ್ಲಿ ಯಾರು, ಯಾವ ದಿನ, ಯಾವ ಮೆನುವಿನಲ್ಲಿ ಅಳಿಸಿದರು ಅಂತ ನಮಗೆ ತಿಳಿಯುವ ದಾರಿಯೇ ಇಲ್ಲ. ಅಳಿಸುವ ಕೆಲಸ ಮಷೀನ್ ನಮ್ಮ ಆಫೀಸಿನಲ್ಲಿ ಇರುವಾಗಲೇ, ನಮ್ಮ ಕೈಯಲ್ಲೇ ಆಗಬೇಕು.

2010ರಲ್ಲಿ ಅಮೆರಿಕದ ಸಿಬಿಎಸ್ ಟಿವಿಯವರು ನ್ಯೂಜೆರ್ಸಿಯ ಒಂದು ಗೋಡೌನಿನಲ್ಲಿ ನಾಲ್ಕು ಹಳೆಯ ಕಾಪಿಯರ್ ಕೊಂಡು, ಅವುಗಳ ಡಿಸ್ಕ್‌ಗಳನ್ನು ಪುಕ್ಕಟೆ ಸಿಗುವ ಸಾಫ್ಟ್‌ವೇರಿನಲ್ಲಿ ಓದಿಸಿದರು. ಒಂದರಲ್ಲಿ ಪೊಲೀಸ್ ಇಲಾಖೆಯ ಕಾಗದಗಳು. ಇನ್ನೊಂದರಲ್ಲಿ ಅಫಿನಿಟಿ ಹೆಲ್ತ್ ಪ್ಲ್ಯಾನ್ ಎಂಬ ಆರೋಗ್ಯ ವಿಮಾ ಸಂಸ್ಥೆಯ ರೋಗಿಗಳ ದಾಖಲೆಗಳು. ತಮ್ಮ ಮಾಹಿತಿ ಹೊರಗಿದೆ ಅಂತ ಆ ಸಂಸ್ಥೆಗೆ ಗೊತ್ತಾಗಿದ್ದೇ ಟಿವಿಯವರು ಹೇಳಿದ ಮೇಲೆ. ತೊಂದರೆಗೊಳಗಾದವರು 3,44,579 ಜನರವರೆಗೆ ಇರಬಹುದು ಎಂಬ ಅಂದಾಜಾಯಿತು. ಆ ಸಂಸ್ಥೆಯವರು 2013ರಲ್ಲಿ ಸರ್ಕಾರಕ್ಕೆ 12,15,780 ಡಾಲರ್ ಕಟ್ಟಿ ರಾಜಿ ಮಾಡಿಕೊಂಡರು. ತನಿಖೆಯಲ್ಲಿ ಕಂಡ ತಪ್ಪು ತೀರಾ ಸರಳ: ಲೀಸ್ ಮಷೀನುಗಳನ್ನು ಡಿಸ್ಕ್ ಅಳಿಸದೆ ವಾಪಸ್ ಕೊಟ್ಟಿದ್ದರು. ಲೀಸ್ ಕಂಪನಿಯ ಬಳಿ ಇನ್ನೂ ಉಳಿದಿರುವ ಹಳೆಯ ಡಿಸ್ಕ್‌ಗಳನ್ನು ಹುಡುಕಿ ತರಲು ಪ್ರಯತ್ನಿಸಬೇಕು ಅನ್ನುವ ಷರತ್ತೂ ರಾಜಿಯಲ್ಲಿತ್ತು. ಗೋಡೌನಿಗೆ ಹೋದ ಡಿಸ್ಕ್ ಹುಡುಕುವುದು ಅಂದರೆ ಎಂಥ ಕೆಲಸ ಅಂತ ಯೋಚಿಸಿ.

ಜೆರಾಕ್ಸ್ ಮಾಡಿದ್ದು ಡಿಸ್ಕಿಗೆ ಯಾಕೆ ಹೋಗುತ್ತೆ ಅಂತ ಹಲವರು ಕೇಳ್ತಾರೆ. ಇಪ್ಪತ್ತು ಪುಟಗಳ ಕಡತವನ್ನು ಐದು ಸೆಟ್ ಮಾಡಲು ಹಾಕಿದಾಗ ಮಷೀನ್ ಪ್ರತಿ ಪುಟವನ್ನು ಐದು ಸಲ ಸ್ಕ್ಯಾನ್ ಮಾಡುವುದಿಲ್ಲ. ಒಮ್ಮೆ ಓದಿ, ಚಿತ್ರವಾಗಿ ಇಟ್ಟುಕೊಂಡು, ಸೆಟ್ ಜೋಡಿಸಿ ಹೊರಗೆ ಬಿಡುತ್ತೆ. ದೊಡ್ಡ ಮಷೀನುಗಳಲ್ಲಿ ಆ ಚಿತ್ರ ಕೂರುವುದು ಹಾರ್ಡ್ ಡಿಸ್ಕಿನಲ್ಲಿ. ಕೆಲಸ ಮುಗಿದ ಮೇಲೆ ಮಷೀನ್ ಅದನ್ನು ಪಟ್ಟಿಯಿಂದ ತೆಗೆಯುತ್ತೆ ಅಷ್ಟೇ. ಅದರ ಮೇಲೆ ಬೇರೆ ಏನಾದರೂ ಬರೆಯುವವರೆಗೆ ಚಿತ್ರ ಅಲ್ಲೇ ಇರುತ್ತೆ. ಪ್ರತಿ ಕೆಲಸದ ನಂತರ ತಾನಾಗಿ ಮೇಲೆ ಬರೆದು ಅಳಿಸುವ ಸೌಲಭ್ಯ ಎಷ್ಟೋ ಮಷೀನುಗಳಲ್ಲಿದೆ. ಅದು ಆನ್ ಆಗಿದ್ದರೂ, ಬಳಕೆದಾರರು ಬೇಕೆಂದೇ ಡಾಕ್ಯುಮೆಂಟ್ ಬಾಕ್ಸಿನಲ್ಲಿ ಉಳಿಸಿದ್ದನ್ನು ಅದು ಮುಟ್ಟುವುದಿಲ್ಲ. ಯಾವುದೇ ಆಫೀಸಿನ ಮಷೀನಿನಲ್ಲಿ ಆ ಬಾಕ್ಸ್ ತೆಗೆದು ನೋಡಿ. ಎಂದೋ ಬಿಟ್ಟು ಹೋದವರ ಸಂಬಳದ ಪಟ್ಟಿ, ಯಾರದೋ ರಾಜೀನಾಮೆ ಪತ್ರ, ಓರೆಯಾಗಿ ಸ್ಕ್ಯಾನ್ ಆದ ಪಾಸ್‌ಪೋರ್ಟ್ ಪುಟ ಸಿಕ್ಕೇ ಸಿಗುತ್ತವೆ. ಮೇಜಿನ ಮೇಲಿಡುವ ಸಣ್ಣ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಡಿಸ್ಕ್ ಇರುವುದಿಲ್ಲ. ಅವುಗಳಿಗೆ ವೈಫೈ ಪಾಸ್‌ವರ್ಡ್ ಹೋಗುವ ಹಾಗೆ ಫ್ಯಾಕ್ಟರಿ ರೀಸೆಟ್ ಮಾಡಿದರೆ ಬಹುಪಾಲು ಸಾಕು.

ಚಿತ್ರಗಳಿಗಿಂತ ನನಗೆ ಹೆಚ್ಚು ಭಯ ಅಡ್ರೆಸ್ ಬುಕ್ಕಿನದು. ಸ್ಕ್ಯಾನ್ ಮಾಡಿದ್ದು ನೇರವಾಗಿ ಸರ್ವರಿನ ಫೋಲ್ಡರಿಗೆ ಹೋಗಲಿ ಅಂತ ಸೆಟ್ ಮಾಡಿರುತ್ತೇವಲ್ಲ, ಅದಕ್ಕೆ ಮಷೀನಿನೊಳಗೆ ಒಂದು ಯೂಸರ್ ನೇಮ್, ಒಂದು ಪಾಸ್‌ವರ್ಡ್ ಕೂತಿರುತ್ತೆ. ಮೊದಲ ದಿನ ಅವಸರದಲ್ಲಿ ಯಾರೋ ಅಡ್ಮಿನ್ ಖಾತೆಯನ್ನೇ ಕೊಟ್ಟಿರುತ್ತಾರೆ, ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಪರದೆಯ ಮೇಲೆ ಚುಕ್ಕಿಗಳಷ್ಟೇ ಕಾಣುತ್ತವೆ ಅಂತ ಸಮಾಧಾನ ಪಡುವ ಹಾಗಿಲ್ಲ. ಆಫೀಸಿನವರ ಹೆಸರು, ಖಾತೆಗಳ ಪಟ್ಟಿ ಇಟ್ಟಿರುವ ಡೈರೆಕ್ಟರಿ ಸರ್ವರ್ ಜೊತೆ ಎನ್‌ಕ್ರಿಪ್ಷನ್ ಇಲ್ಲದ ಸಾದಾ ಎಲ್‌ಡಿಎಪಿ ಭಾಷೆಯಲ್ಲಿ ಮಾತಾಡುವ ಮಷೀನಿಗೆ, ಅದು ಕೈಗೆ ಸಿಕ್ಕವರು ಸರ್ವರಿನ ವಿಳಾಸ ಬದಲಿಸಿ ತಮ್ಮದನ್ನು ಕೊಟ್ಟರೆ, ಉಳಿಸಿಟ್ಟ ಪಾಸ್‌ವರ್ಡನ್ನು ಅದೇ ಮುಚ್ಚುಮರೆಯಿಲ್ಲದೆ ಕಳಿಸಿಬಿಡುತ್ತೆ. ಹಾಗಾಗಿ ಮಷೀನ್ ಎಷ್ಟೇ ಚೆನ್ನಾಗಿ ಅಳಿಸಿದರೂ, ಅದಕ್ಕೆ ಕೊಟ್ಟಿದ್ದ ಖಾತೆಯ ಪಾಸ್‌ವರ್ಡನ್ನು ಸರ್ವರಿನಲ್ಲೂ ಬದಲಿಸಬೇಕು. ಮೇಲ್ ಕಳಿಸಲು ಕೊಟ್ಟ ಖಾತೆಗೂ ಇದೇ ಮಾತು.

ಇನ್ನು ಕೆಲಸ ಹೇಗೆ ನಡೆಯುತ್ತೆ ಅಂತ ಹೇಳ್ತೀನಿ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಗಾಡಿ ಬರುತ್ತೆ, ಮಷೀನಿನಲ್ಲಿ 320 ಜಿಬಿ ಡಿಸ್ಕ್ ಇದೆ ಅಂದುಕೊಳ್ಳಿ. ಮೊದಲ ಅಡ್ಡಿ ಬರುವುದೇ ಅಡ್ಮಿನ್ ಪಾಸ್‌ವರ್ಡಿನಲ್ಲಿ. ಅಳಿಸುವ ಮೆನು ಅದಿಲ್ಲದೆ ತೆರೆಯುವುದಿಲ್ಲ, ಅದು ಗೊತ್ತಿರುವುದು ಎಂದೋ ಬಂದು ಇನ್‌ಸ್ಟಾಲ್ ಮಾಡಿ ಹೋದ ಸರ್ವಿಸ್ ಹುಡುಗನಿಗೆ. ಇದನ್ನು ಒಂದು ವಾರ ಮೊದಲೇ ಕೇಳಿ ಪಡೆದು, ಲಾಗಿನ್ ಆಗಿ ನೋಡಿರಬೇಕು.

ಗುರುವಾರ ಸಂಜೆ ಮೀಟರ್ ರೀಡಿಂಗ್ ಪ್ರಿಂಟ್ ತೆಗೆಯಿರಿ. ಪಾಸ್‌ಕೋಡ್ ಹಾಕಿ ತಡೆಹಿಡಿದ ಪ್ರಿಂಟುಗಳು, ಮೆಮೊರಿಯಲ್ಲಿ ಉಳಿದ ಫ್ಯಾಕ್ಸುಗಳು ಬೇಕಿದ್ದರೆ ಹೊರಗೆ ತೆಗೆಯಿರಿ, ಆಮೇಲೆ ಅವು ಸಿಗುವುದಿಲ್ಲ. ಹೊಸ ಮಷೀನಿಗಾಗಿ ಅಡ್ರೆಸ್ ಬುಕ್ ಎಕ್ಸ್‌ಪೋರ್ಟ್ ಮಾಡುವವರು ಆ ಫೈಲನ್ನು ಡೆಸ್ಕ್‌ಟಾಪಿನಲ್ಲಿ ಬಿಟ್ಟು ಹೋಗಬೇಡಿ. ಆಮೇಲೆ ನೆಟ್‌ವರ್ಕ್ ಕೇಬಲ್, ಫೋನ್ ಲೈನ್ ಎರಡನ್ನೂ ಕೀಳಿ. ಇಲ್ಲದಿದ್ದರೆ ಅಳಿಸುತ್ತಿರುವಾಗಲೇ ಯಾರೋ ಮಹಡಿಯಿಂದ ಪ್ರಿಂಟ್ ಕೊಡ್ತಾರೆ.

ಮೆನುವಿನ ಹೆಸರು ಒಂದೊಂದು ಕಂಪನಿಯಲ್ಲಿ ಒಂದೊಂದು. ಕ್ಯಾನನ್‌ನಲ್ಲಿ `Initialize All Data/Settings`, ರಿಕೋದಲ್ಲಿ `Erase All Memory`, ಲೆಕ್ಸ್‌ಮಾರ್ಕ್‌ನಲ್ಲಿ `Out of Service Erase`. ಬರೀ ಫಾರ್ಮ್ಯಾಟ್ ಅಂತ ಒಂದು ಆಯ್ಕೆ ಕಂಡರೆ ಅದನ್ನು ಬಿಟ್ಟು, ಮೇಲೆ ಬರೆಯುವ ಆಯ್ಕೆ ಹಿಡಿಯಿರಿ. ಎಷ್ಟು ಸಲ ಅಂತ ಕೇಳುತ್ತೆ. ಜಾಸ್ತಿ ಸಲ ಅಂದರೆ ಜಾಸ್ತಿ ಭದ್ರ ಅನ್ನುವುದು ಹಳೆಯ ನಂಬಿಕೆ. ಇವತ್ತಿನ ಹಾರ್ಡ್ ಡಿಸ್ಕಿಗೆ ಇಡೀ ಡಿಸ್ಕಿನ ಮೇಲೆ ಒಂದು ಸಲ ಸರಿಯಾಗಿ ಬರೆದರೆ ಸಾಕು. ಆಫೀಸಿನ ನಿಯಮ ಮೂರು ಅಂದರೆ ಮೂರೇ ಇರಲಿ, ಆದರೆ ಸಮಯದ ಲೆಕ್ಕ ಹಾಕಿಕೊಳ್ಳಿ. ಸೆಕೆಂಡಿಗೆ 50 ಎಂಬಿ ಬರೆದರೆ 320 ಜಿಬಿ ತುಂಬಲು 6,400 ಸೆಕೆಂಡ್, ಅಂದರೆ ಸುಮಾರು ಒಂದು ಮುಕ್ಕಾಲು ಗಂಟೆ. ಮೂರು ಸಲಕ್ಕೆ ಐದು ಗಂಟೆ ದಾಟುತ್ತೆ. ಶುಕ್ರವಾರ ಗಾಡಿ ಬಾಗಿಲಲ್ಲಿ ನಿಂತ ಮೇಲೆ ಶುರು ಮಾಡಿದವರು ಮಧ್ಯದಲ್ಲೇ ಆಫ್ ಮಾಡಿ ಕೊಡುವುದು ಈ ಕಾರಣಕ್ಕೆ. ಅರ್ಧಕ್ಕೆ ನಿಂತರೆ ಮೊದಲಿಂದ ಶುರು ಮಾಡಬೇಕು. ಕೆಲವು ಮಾಡೆಲುಗಳಲ್ಲಿ ಡಿಸ್ಕ್ ಅಳಿಸುವ ಮೆನು, ಸೆಟ್ಟಿಂಗ್ಸ್ ಅಳಿಸುವ ಮೆನು ಬೇರೆ ಬೇರೆ. ಅಡ್ರೆಸ್ ಬುಕ್, ನೆಟ್‌ವರ್ಕ್ ವಿವರ ಬೋರ್ಡಿನ ಮೇಲಿನ ಸಣ್ಣ ಮೆಮೊರಿಯಲ್ಲೂ ಇರಬಹುದು. ಆದ್ದರಿಂದ ಎರಡನ್ನೂ ಓಡಿಸಿ.

ಆಯಿತೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತೆ? ಅಳಿಸುವ ಮುಂಚೆ ಡಾಕ್ಯುಮೆಂಟ್ ಬಾಕ್ಸಿನಲ್ಲಿ ಒಂದು ಖೋಟಾ ಪುಟ, ಅಡ್ರೆಸ್ ಬುಕ್ಕಿನಲ್ಲಿ ಒಂದು ಖೋಟಾ ಹೆಸರು ಸೇರಿಸಿಡಿ. ಮುಗಿದ ಮೇಲೆ ಮಷೀನ್ ಆನ್ ಮಾಡಿದಾಗ ಹೊಸದರ ಹಾಗೆ ಭಾಷೆ, ದಿನಾಂಕ ಕೇಳುವುದು ಒಳ್ಳೆಯ ಲಕ್ಷಣ. ಆ ಎರಡು ಖೋಟಾಗಳೂ ಇರಬಾರದು, ಹಳೆಯ ಐಪಿ ವಿಳಾಸವೂ ಇರಬಾರದು. ಆದರೆ ಇಷ್ಟರಿಂದ ತಿಳಿಯುವುದು ಪಟ್ಟಿ ಖಾಲಿಯಾಗಿದೆ ಅಂತ ಮಾತ್ರ. ಡಿಸ್ಕಿನ ಮೇಲೆ ನಿಜಕ್ಕೂ ಬರೆದಿದೆಯಾ ಅನ್ನುವುದಕ್ಕೆ ತೆಗೆದುಕೊಂಡ ಸಮಯವೇ ಸುಳಿವು. 320 ಜಿಬಿ ಎರಡು ನಿಮಿಷದಲ್ಲಿ ಮುಗಿದರೆ ಅದು ಮೇಲೆ ಬರೆದಿಲ್ಲ. ಫಾರ್ಮ್ಯಾಟ್ ಮಾಡಿರಬೇಕು, ಇಲ್ಲವೇ ಗುಪ್ತಲಿಪಿಯಲ್ಲಿ ಬರೆದಿಟ್ಟ ಮಾಹಿತಿಯನ್ನು ಬಿಡಿಸಿ ಓದಲು ಬೇಕಾದ ಎನ್‌ಕ್ರಿಪ್ಷನ್ ಕೀ ಎಸೆದಿರಬೇಕು. ಎರಡನೆಯದಾದರೆ, ಮೊದಲಿನಿಂದಲೂ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ, ಸಮ್ಮತವೇ. ತಿರುಗುವ ಡಿಸ್ಕಿನ ಬದಲು ಚಿಪ್ಪಿನಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಇರುವ ಮಷೀನುಗಳಿಗೆ ಆ ದಾರಿಯೇ ಮೇಲು, ಯಾಕಂದ್ರೆ ಎಸ್‌ಎಸ್‌ಡಿ ತನ್ನ ಜಾಗಗಳನ್ನು ತಾನೇ ಅದಲುಬದಲು ಮಾಡುವುದರಿಂದ ಮೇಲೆ ಬರೆದದ್ದು ಎಲ್ಲಾ ಮೂಲೆಗೂ ತಲುಪುವ ಖಾತರಿ ಇಲ್ಲ. ರಿಪೋರ್ಟ್ ಪ್ರಿಂಟ್ ಕೊಡುವ ಮಷೀನಾದರೆ ಅದರ ಮೇಲೆ ಸೀರಿಯಲ್ ನಂಬರ್ ಬರೆದು, ಮೀಟರ್ ರೀಡಿಂಗ್ ಹಾಳೆಯ ಜೊತೆ ಫೈಲ್ ಮಾಡಿ.

"ನಮ್ಮ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ, ಹಾಗಾಗಿ ಅಳಿಸುವುದೇ ಬೇಡ" ಅನ್ನುವವರೂ ಇದ್ದಾರೆ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದವರಿಗೆ ಏನೂ ಸಿಗುವುದಿಲ್ಲ, ನಿಜ. ಡಿಸ್ಕ್ ಅದೇ ಮಷೀನಿನಲ್ಲಿ ಇದ್ದರೆ? ಕೀ ಕೂಡ ಅಲ್ಲೇ ಇದೆ. ಕೊಂಡವರು ಸ್ವಿಚ್ ಹಾಕಿ ಡಾಕ್ಯುಮೆಂಟ್ ಬಾಕ್ಸ್ ಒತ್ತಿದರೆ ಮಷೀನೇ ಬಿಡಿಸಿ ತೋರಿಸುತ್ತೆ.

ನಿಜವಾಗಿ ತಲೆನೋವಾಗುವುದು ಡಿಸ್ಕ್ ಸತ್ತಾಗ. ಪರದೆಯ ಮೇಲೆ ಎರರ್ ಕೋಡ್ ಬಂದು ಮಷೀನ್ ಏಳುವುದೇ ಇಲ್ಲ, ಹಾಗಾಗಿ ಅಳಿಸುವ ಮೆನುವೂ ಇಲ್ಲ. ಆದರೆ ಡಿಸ್ಕಿನಲ್ಲಿ ಓದಬಹುದಾದ ಭಾಗ ಉಳಿದೇ ಇರಬಹುದು. ಬಿಚ್ಚಿ ಇಟ್ಟುಕೊಳ್ಳೋಣ ಅಂದರೆ ಅದು ಲೀಸ್ ಕಂಪನಿಯ ಸ್ವತ್ತು. ಎಷ್ಟೋ ಮಾಡೆಲುಗಳಲ್ಲಿ ಮಷೀನಿನ ಸಾಫ್ಟ್‌ವೇರ್ ಕೂಡ ಅದೇ ಡಿಸ್ಕಿನಲ್ಲಿ ಇರುವುದರಿಂದ, ಡಿಸ್ಕಿಲ್ಲದ ಮಷೀನಿಗೆ ದಂಡದ ಬಿಲ್ ಬರುತ್ತೆ. ಲೀಸ್ ನಡೆಯುತ್ತಿರುವಾಗ ಸರ್ವಿಸ್‌ನವರು ಕೆಟ್ಟ ಡಿಸ್ಕ್ ಬದಲಿಸಿ ಹಳೆಯದನ್ನು ಚೀಲಕ್ಕೆ ಹಾಕಿಕೊಂಡು ಹೋಗುವುದೂ ಇದೇ ಜಾತಿಯ ಸೋರಿಕೆ, ಅದನ್ನಂತೂ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇದಕ್ಕೆ ಮದ್ದಿರುವುದು ಲೀಸ್ ಕರಾರಿಗೆ ಸಹಿ ಹಾಕುವ ದಿನ ಮಾತ್ರ. ಹೊಸ ಮಷೀನ್ ತರುವವರು ಈ ಎರಡು ಸಾಲು ಸೇರಿಸಲು ಹೇಳಿ: "ಕೆಟ್ಟ ಅಥವಾ ಅಳಿಸಲಾಗದ ಡಿಸ್ಕನ್ನು ಇಟ್ಟುಕೊಳ್ಳುವ ಹಕ್ಕು ಗ್ರಾಹಕರದ್ದು, ಅದರ ಬೆಲೆ ಇಷ್ಟು. ವಾಪಸಾತಿಯ ಹಿಂದಿನ ದಿನ ಅಡ್ಮಿನ್ ಪ್ರವೇಶದೊಂದಿಗೆ ಡಿಸ್ಕ್ ಅಳಿಸಲು ಗ್ರಾಹಕರಿಗೆ ಅವಕಾಶವಿದ್ದು, ಅದನ್ನು ಹಾನಿ ಎಂದು ಪರಿಗಣಿಸುವಂತಿಲ್ಲ." ಬೆಲೆಯ ಜಾಗದಲ್ಲಿ ಅಂಕಿ ತುಂಬಿಸಿಯೇ ಸಹಿ ಹಾಕಿ, ಖಾಲಿ ಬಿಡಬೇಡಿ. ಬಿಟ್ಟರೆ, ಲೀಸ್ ಮುಗಿಯುವ ಹೊತ್ತಿಗೆ ಅದು ಅವರಿಗೆ ತೋಚಿದ ಅಂಕಿ ಆಗಿರುತ್ತೆ.